ಬಾಗಿಲಾಚೆಯ ದನಿಗೂ ಅಕ್ಷರ ಬೇಕು: ಕಿವಿ ಕೇಳದವರಿಗಾಗಿ ಕನ್ನಡ ಅಡಿಬರಹ ಬರೆದ ಅನುಭವ

ಹೈದರಾಬಾದ್: ನಾಂಪಲ್ಲಿ ರೈಲು ನಿಲ್ದಾಣಕ್ಕೆ ಸಮೀಪದ ಗಲ್ಲಿಯೊಂದರಲ್ಲಿ ನಮ್ಮ ಸೋದರಮಾವನವರ ಮನೆ. ಬೀದರ್ ಕಡೆಯವರಾದ ಅವರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಅರವತ್ತು ದಾಟಿದ ಮೇಲೆ ಅವರ ಶ್ರವಣಶಕ್ತಿ ಕ್ರಮೇಣ ಕುಂದಿತು. ಈಗ ಶ್ರವಣಯಂತ್ರ ಹಾಕಿಕೊಂಡರೂ ಎದುರು ಕುಳಿತವರ ಮಾತು ಅರ್ಧಂಬರ್ಧ ತಿಳಿಯುತ್ತದೆ, ಮೈಕಿನ ಮಾತಂತೂ ಬರೀ ಗದ್ದಲ. ಆದರೆ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಅಭ್ಯಾಸ ಇಂದಿಗೂ ತಪ್ಪಿಲ್ಲ.

ನಮ್ಮ ಸಂಘದ ರಾಜ್ಯೋತ್ಸವದ ನಾಟಕಗಳಿಗೆ ಮೊದಲ ಸಾಲಿನಲ್ಲಿ ಕೂರುತ್ತಿದ್ದ ಮಾವನವರು ಕೆಲವು ವರ್ಷಗಳಿಂದ ಬರುವುದನ್ನೇ ಬಿಟ್ಟಿದ್ದರು. ಕೇಳಿದರೆ, ‘ಎಲ್ಲಾರೂ ನಕ್ಕ ಮ್ಯಾಲೆ ನಾ ನಗಬೇಕು. ಯಾಕ ನಕ್ಕೆ ಅಂತ ನನಗೇ ಗೊತ್ತಿರಂಗಿಲ್ಲ’ ಎಂದರು. ಆ ಮಾತು ಮನಸ್ಸಿಗೆ ನಾಟಿತು. ಸಂಘದ ಸದಸ್ಯರೇ ಬರೆದು ಆಡಿದ ಹಾಸ್ಯ ನಾಟಕವೊಂದರ ವಿಡಿಯೋ ನನ್ನ ಬಳಿ ಇತ್ತು. ಅದಕ್ಕೆ ಕನ್ನಡದಲ್ಲೇ ಅಡಿಬರಹ ಬರೆದು ತೋರಿಸೋಣವೆಂದು ಕುಳಿತೆ. ಸುಲಭದ ಕೆಲಸವೆಂದುಕೊಂಡಿದ್ದೆ. ಒಂದು ಗಂಟೆಯ ನಾಟಕಕ್ಕೆ ನಾಲ್ಕು ಭಾನುವಾರ ಹಿಡಿಯಿತು. ಮೊದಲ ಪ್ರಯತ್ನ ಸಂಪೂರ್ಣ ವಿಫಲವಾಯಿತು. ಅದು ಏಕೆ ವಿಫಲವಾಯಿತು ಎಂಬುದೇ ಈ ಲೇಖನದ ವಿಷಯ.

ಮಾತು ತಿಳಿಯಿತು, ಆಡಿದವರು ತಿಳಿಯಲಿಲ್ಲ

ಬೇರೆ ಭಾಷೆಯ ಸಿನಿಮಾ ನೋಡುವಾಗ ತೆರೆಯ ಕೆಳಗೆ ಬರುವ ಅಡಿಬರಹ ನಮಗೆಲ್ಲ ಪರಿಚಿತ. ಅದನ್ನು ಬರೆಯುವವರು, ನೋಡುವವರಿಗೆ ಕಿವಿ ಕೇಳುತ್ತದೆ ಆದರೆ ಭಾಷೆ ಬಾರದು ಎಂದು ಎಣಿಸಿರುತ್ತಾರೆ. ಕಿವಿ ಕೇಳದವರಿಗಾಗಿ ಬರೆಯುವ ಕ್ಲೋಸ್ಡ್ ಕ್ಯಾಪ್ಷನ್ ಇದಕ್ಕೆ ತದ್ವಿರುದ್ಧ. ನೋಡುವವರಿಗೆ ಭಾಷೆ ಚೆನ್ನಾಗಿ ಬರುತ್ತದೆ, ಸದ್ದು ಮಾತ್ರ ತಲುಪುವುದಿಲ್ಲ. ಹಾಗಾಗಿ ಸಂಭಾಷಣೆಯ ಜೊತೆಗೆ ಯಾರು ಮಾತನಾಡಿದರು, ಎಲ್ಲಿಂದ ಮಾತನಾಡಿದರು, ಮಾತಲ್ಲದ ಯಾವ ಸದ್ದು ಕೇಳಿಬಂತು ಎಂಬುದನ್ನೂ ಬರೆಯಬೇಕಾಗುತ್ತದೆ. ‘ಕ್ಲೋಸ್ಡ್’ ಎಂದರೆ ಬೇಕಾದವರು ಹಾಕಿಕೊಳ್ಳಬಹುದು, ಬೇಡದವರು ತೆಗೆಯಬಹುದು ಎಂದರ್ಥ. ಚಿತ್ರದ ಮೇಲೆಯೇ ಅಚ್ಚೊತ್ತಿದಂತೆ ಕೂರಿಸಿದ್ದರೆ ಅದು ‘ಓಪನ್’ ಕ್ಯಾಪ್ಷನ್.

ನಾನು ಮೊದಲ ಸಲ ಬರೆದದ್ದು ಸಂಭಾಷಣೆ ಮಾತ್ರ. ನಾಟಕದ ಒಂದು ದೃಶ್ಯ ಹೀಗಿದೆ. ವೆಂಕಟರಾವ್ ಎಂಬ ಸಾಲಗಾರ ಗೃಹಸ್ಥರು ಪತ್ರಿಕೆ ಓದುತ್ತ ಕುಳಿತಿದ್ದಾರೆ. ಹೆಂಡತಿ ಸರೋಜಮ್ಮ ಅಡುಗೆಮನೆಯಲ್ಲಿ, ಅಂದರೆ ಪರದೆಯ ಹಿಂದೆ ಇದ್ದಾರೆ. ಕುಕ್ಕರ್ ಸೀಟಿ ಹಾಕುತ್ತದೆ. ಸರೋಜಮ್ಮ ಒಳಗಿನಿಂದಲೇ ಗಂಡನನ್ನು ಚುಚ್ಚುತ್ತಾರೆ. ಮೊಬೈಲ್ ಬಡಿದುಕೊಳ್ಳುತ್ತದೆ, ವೆಂಕಟರಾವ್ ಅದರ ಮೇಲೆ ಪತ್ರಿಕೆ ಮುಚ್ಚುತ್ತಾರೆ. ಅದು ನಿಂತಿತು ಎನ್ನುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಹೊರಗಿನಿಂದ ಯಾರೋ ಗಡಸು ದನಿಯಲ್ಲಿ ಅವರ ಹೆಸರು ಹಿಡಿದು ವಿಚಾರಿಸುತ್ತಾರೆ. ಸಾಲ ಕೊಟ್ಟವನೇ ಬಂದನೆಂದು ವೆಂಕಟರಾವ್ ಪರದೆಯ ಹಿಂದೆ ಅಡಗುತ್ತಾರೆ. ಆದರೆ ಬಂದವನು ಮುಂಬಯಿಯಿಂದ ಮರಳಿದ ಅವರ ಮಗ ರಾಘು. ತಮಾಷೆಗಾಗಿ ದನಿ ಬದಲಿಸಿದ್ದಾನೆ. ಈ ಗುಟ್ಟು ಸಭಿಕರಿಗೆ ತಿಳಿಯುವುದು ಮತ್ತೆ ಐದು ನಿಮಿಷದ ಮೇಲೆ.

ನನ್ನ ಅಡಿಬರಹದಲ್ಲಿ ಈ ದೃಶ್ಯಕ್ಕೆ ಇದ್ದದ್ದು ಎರಡೇ ಎರಡು ಮಾತು. ಮಾವನವರು ಕಂಡದ್ದು ಇಷ್ಟು: ಒಬ್ಬ ಮನುಷ್ಯ ಸುಮ್ಮನೆ ಕುಳಿತಿದ್ದಾನೆ, ಇದ್ದಕ್ಕಿದ್ದಂತೆ ಪತ್ರಿಕೆಯನ್ನು ಮೇಜಿನ ಮೇಲೆ ಹರಡುತ್ತಾನೆ, ಸ್ವಲ್ಪ ಹೊತ್ತಿಗೆ ಎದ್ದು ಓಡಿ ಅಡಗುತ್ತಾನೆ. ‘ವೆಂಕಟರಾವ್ ಇದ್ದಾರೇನ್ರೀ?’ ಎಂಬ ಪ್ರಶ್ನೆಯನ್ನು ಕೇಳಿದವಳು ಅಡುಗೆಮನೆಯ ಹೆಂಡತಿಯೇ ಎಂದು ಅವರು ತಿಳಿದಿದ್ದರು. ‘ಮಾತೆಲ್ಲಾ ತಿಳೀತಪ್ಪಾ, ಯಾರ್ ಅಂದ್ರು ಅದೇ ತಿಳೀಲಿಲ್ಲ. ಹೆಂಡ್ತೀಗಿ ಅಂಜಿ ಯಾಕ ಅಡಗಿದ ಅಂವಾ?’ ಎಂಬುದು ಅವರ ಪ್ರಶ್ನೆ.

ಇಪ್ಪತ್ತೆರಡು ಸೆಕೆಂಡಿನ ದೃಶ್ಯ

ಮುಂದಿನ ಭಾನುವಾರ ಆ ದೃಶ್ಯವನ್ನು ಹೊಸದಾಗಿ ಬರೆದೆ. ಅಡಿಬರಹದ ಕಡತ ಎಂದರೆ ವಿಶೇಷವೇನಲ್ಲ. ಅದು ಸಾದಾ ಅಕ್ಷರಗಳ ಕಡತ, ಹೆಸರಿನ ಕೊನೆಗೆ .srt ಎಂದಿರುತ್ತದೆ. ಪ್ರತಿ ಅಡಿಬರಹಕ್ಕೂ ಒಂದು ಕ್ರಮಸಂಖ್ಯೆ, ಅದು ಕಾಣಿಸುವ ಮತ್ತು ಮರೆಯಾಗುವ ವೇಳೆ, ಕೆಳಗೆ ಬರಹ. ವೇಳೆಯನ್ನು ಗಂಟೆ, ನಿಮಿಷ, ಸೆಕೆಂಡು ಹಾಗೂ ಅಲ್ಪವಿರಾಮದ ನಂತರ ಸೆಕೆಂಡಿನ ಸಾವಿರದ ಭಾಗದಲ್ಲಿ ಕೊಡಬೇಕು. ದೃಶ್ಯದ ಕೊನೆಯ ರೂಪ ಹೀಗಿತ್ತು:

```
41
00:14:05,200 --> 00:14:07,000
[ಒಳಗೆ ಕುಕ್ಕರ್ ಸೀಟಿ]

42
00:14:07,300 --> 00:14:10,600
ಸರೋಜಮ್ಮ (ಒಳಗಿನಿಂದ): ನೀವು ಓದ್ರಿ.
ದೇಶ ನಿಮ್ಮಿಂದಲೇ ನಡೀತದ.

43
00:14:11,500 --> 00:14:13,500
[ಮೊಬೈಲ್ ಬಡಿದುಕೊಳ್ಳುತ್ತಿದೆ]

44
00:14:19,000 --> 00:14:20,800
[ಮೊಬೈಲ್ ಸದ್ದು ನಿಂತಿತು]

45
00:14:23,000 --> 00:14:24,600
[ಬಾಗಿಲು ಮೂರು ಸಲ ಬಡಿದ ಸದ್ದು]

46
00:14:24,900 --> 00:14:27,200
ಹೊರಗಿನ ಗಂಡು ದನಿ:
ವೆಂಕಟರಾವ್ ಇದ್ದಾರೇನ್ರೀ?
```

ಇಪ್ಪತ್ತೆರಡು ಸೆಕೆಂಡಿನಲ್ಲಿ ಆರು ಅಡಿಬರಹ. ಅವುಗಳಲ್ಲಿ ಮಾತು ಇರುವುದು ಎರಡರಲ್ಲಿ ಮಾತ್ರ, ಉಳಿದ ನಾಲ್ಕೂ ಸದ್ದುಗಳು. ಮೊದಲ ಸಲ ನಾನು ಬಿಟ್ಟದ್ದು ಈ ನಾಲ್ಕನ್ನು. ಆದರೆ ವೆಂಕಟರಾಯರ ಪ್ರತಿಯೊಂದು ಚಲನೆಗೂ ಕಾರಣವಿದ್ದದ್ದು ಅವುಗಳಲ್ಲೇ. ಮೊಬೈಲ್ ಬಡಿದುಕೊಂಡದ್ದನ್ನು ಬರೆದರೆ ಸಾಲದು, ಅದು ನಿಂತದ್ದನ್ನೂ ಬರೆಯಬೇಕು. ಏಕೆಂದರೆ ನಿಂತಾಗ ಅವರು ಬಿಡುವ ನಿಟ್ಟುಸಿರಿಗೆ ಅರ್ಥ ಬರುವುದು ಆಗಲೇ.

ಇಷ್ಟರಿಂದ ಪ್ರತಿಯೊಂದು ಸದ್ದನ್ನೂ ಬರೆಯಬೇಕೆಂದಲ್ಲ. ಅದೇ ದೃಶ್ಯದಲ್ಲಿ ಸಭಾಂಗಣದ ಫ್ಯಾನಿನ ಸದ್ದಿದೆ, ಯಾರೋ ಕೆಮ್ಮಿದ್ದೂ ಕೇಳುತ್ತದೆ. ಅವನ್ನು ಬರೆದರೆ ಓದುವವರ ಕಣ್ಣು ನಟನ ಮುಖದಿಂದ ವ್ಯರ್ಥವಾಗಿ ಕೆಳಗಿಳಿಯುತ್ತದೆ. ವೇದಿಕೆಯ ಮೇಲೆ ಕಾಣುವ ಲೋಟ ಬಿದ್ದರೆ ‘ಲೋಟ ಬಿದ್ದ ಸದ್ದು’ ಎಂದು ಬರೆಯುವುದೂ ಬೇಡ, ಕಣ್ಣಿಗೆ ಕಂಡಿತಲ್ಲ. ಪಾತ್ರಗಳ ನಡೆಗೆ ಕಾರಣವಾದ, ಆದರೆ ಕಣ್ಣಿಗೆ ಕಾಣದ ಸದ್ದು ಮಾತ್ರ ಬೇಕು. ಸಭಿಕರ ನಗುವನ್ನು ನಾನು ಮೊದಲು ಬಿಟ್ಟಿದ್ದೆ. ನಟರು ಮಾತು ನಿಲ್ಲಿಸಿ ಸುಮ್ಮನೆ ನಿಂತದ್ದೇಕೆಂದು ಮಾವನವರು ಕೇಳಿದ ಮೇಲೆ, ನಗು ದೀರ್ಘವಾದ ಕಡೆಗಳಲ್ಲಿ [ಸಭಿಕರ ನಗು] ಎಂದು ಸೇರಿಸಿದೆ.

ಹೆಸರು ಹೇಳಿಯೂ ತಪ್ಪಾಯಿತು

46ನೇ ಅಡಿಬರಹದಲ್ಲಿ ನಾನು ಎರಡನೇ ತಪ್ಪು ಮಾಡಿದ್ದೆ. ಮಾತನಾಡಿದವರ ಹೆಸರು ಬೇಕೆಂದರಲ್ಲ ಎಂದು ಉತ್ಸಾಹದಿಂದ ‘ರಾಘು:’ ಎಂದು ಬರೆದುಬಿಟ್ಟೆ. ಐದು ನಿಮಿಷ ಎಳೆದ ಗುಟ್ಟನ್ನು ಒಂದೇ ಪದ ಹೊರಹಾಕಿತು. ಕಿವಿ ಕೇಳುವ ಸಭಿಕರಿಗೆ ಆ ಹೊತ್ತಿಗೆ ಗೊತ್ತಾದದ್ದು ಅದು ಹೊರಗಿನಿಂದ ಬಂದ ಗಂಡಸಿನ ದನಿ ಎಂಬುದಷ್ಟೇ. ಅಷ್ಟನ್ನೇ ಬರೆದರೆ ಸರಿಹೋಗುತ್ತದೆ. ಕೇಳುವವರಿಗೆ ಸಿಕ್ಕಷ್ಟು ಓದುವವರಿಗೂ ಸಿಗಬೇಕು, ಅದಕ್ಕಿಂತ ಕಡಿಮೆಯೂ ಬೇಡ, ಹೆಚ್ಚೂ ಬೇಡ. ಈ ಕೆಲಸದಲ್ಲಿ ಸಂದೇಹ ಬಂದಾಗಲೆಲ್ಲ ನನಗೆ ದಾರಿ ತೋರಿದ್ದು ಈ ಒಂದು ಅಳತೆಗೋಲು.

ಹಾಗೆಂದು ಪ್ರತಿ ಮಾತಿಗೂ ಹೆಸರು ಬೇಕಿಲ್ಲ. ಮಾತನಾಡುವವರು ಎದುರಿಗೆ ಕಾಣುತ್ತಿದ್ದು, ತುಟಿ ಅಲುಗುತ್ತಿದ್ದರೆ ಹೆಸರು ಬಿಡಬಹುದು. ಪರದೆಯ ಹಿಂದಿನಿಂದ ಮಾತು ಬಂದಾಗ, ಮೂರ್ನಾಲ್ಕು ಮಂದಿ ಒಟ್ಟಿಗೆ ನಿಂತು ಮಾತನಾಡಿದಾಗ ಹೆಸರು ಬೇಕೇ ಬೇಕು. ಕನ್ನಡದಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ‘ಬಂದನು’, ‘ಬಂದಳು’ ಎಂಬಲ್ಲಿ ಕ್ರಿಯಾಪದವೇ ಗಂಡು ಹೆಣ್ಣನ್ನು ಹೇಳುತ್ತದೆ. ಆದರೆ ‘ಬಂದೆ’, ‘ಹೋಗ್ತೀನಿ’ ಎಂದಾಗ ಹೇಳಿದವರು ಗಂಡಸೋ ಹೆಂಗಸೋ ಅಕ್ಷರದಿಂದ ತಿಳಿಯುವುದಿಲ್ಲ. ಬ್ರಿಟನ್ನಿನ ಬಿಬಿಸಿಯಲ್ಲಿ ಒಬ್ಬೊಬ್ಬ ಮಾತುಗಾರರಿಗೆ ಬಿಳಿ, ಹಳದಿ, ಹಸಿರು ಮುಂತಾದ ಒಂದೊಂದು ಬಣ್ಣ ಕೊಡುವ ಪದ್ಧತಿ ಇದೆ. ನಾನು ಬಣ್ಣದ ಗೋಜಿಗೆ ಹೋಗಲಿಲ್ಲ. ಎಲ್ಲ ಸಾಧನಗಳಲ್ಲೂ ಬಣ್ಣ ಒಂದೇ ರೀತಿ ಕಾಣುವುದಿಲ್ಲ, ಹೆಸರಿನ ಮುಂದೆ ಎರಡು ಚುಕ್ಕಿ ಎಲ್ಲ ಕಡೆಯೂ ಕಾಣುತ್ತದೆ.

ನಮ್ಮ ಊರಿನ ನಾಟಕವೆಂದ ಮೇಲೆ ತೆಲುಗು, ದಖ್ಖನಿ ಮಾತು ಬಾರದಿರುತ್ತದೆಯೇ? ತರಕಾರಿಯವನು ತೆಲುಗಿನಲ್ಲಿ ಕೂಗುತ್ತಾನೆ, ಮನೆ ಮಾಲೀಕರು ದಖ್ಖನಿಯಲ್ಲಿ ಗದರುತ್ತಾರೆ. ಇವನ್ನೆಲ್ಲ ಕನ್ನಡಕ್ಕೆ ಅನುವಾದಿಸಿದರೆ ಭಾಷೆ ಬದಲಾಯಿತೆಂಬುದೇ ಮಾಯವಾಗುತ್ತದೆ. ಆದ್ದರಿಂದ ಮೊದಲು [ತೆಲುಗಿನಲ್ಲಿ] ಎಂದು ಬರೆದು, ಆಡಿದ ಮಾತನ್ನೇ ಕನ್ನಡ ಲಿಪಿಯಲ್ಲಿ ಕೊಟ್ಟೆ.

ಕಲಬುರಗಿ, ಬೀದರ್ ಕಡೆಯ ಆಡುಮಾತನ್ನೂ ಹಾಗೆಯೇ ಉಳಿಸಿದೆ. ‘ನಡೀತದ’ ಎಂದದ್ದನ್ನು ‘ನಡೆಯುತ್ತದೆ’ ಎಂದು ತಿದ್ದಿದರೆ ಸರೋಜಮ್ಮ ಯಾವ ಊರಿನವರೆಂಬುದು ಅಳಿಸಿಹೋಗುತ್ತದೆ. ಆ ಮಾತಿಗೆ ‘ವ್ಯಂಗ್ಯವಾಗಿ’ ಎಂದು ಸೇರಿಸಬೇಕೆಂದು ಗೆಳೆಯರೊಬ್ಬರು ಸೂಚಿಸಿದ್ದರು. ನಾನು ಸೇರಿಸಲಿಲ್ಲ. ದೇಶ ವೆಂಕಟರಾಯರಿಂದಲೇ ನಡೆಯುತ್ತದೆ ಎಂದರೆ ಅದು ವ್ಯಂಗ್ಯವೆಂದು ಮಾತೇ ಹೇಳುತ್ತದೆ. ಮಾತೂ ಮುಖವೂ ಹೇಳದಿದ್ದಾಗ ಮಾತ್ರ ದನಿಯ ಭಾವವನ್ನು ಬರೆಯಬೇಕು.

ಸದ್ದಿನ ಹೆಸರು

ಕನ್ನಡದಲ್ಲಿ ಸರಸರ, ದಬದಬ, ಗುಡುಗುಡು ಎಂಬ ಅನುಕರಣ ಪದಗಳಿಗೆ ಬರವಿಲ್ಲ. ನಾನೂ ಮೊದಲು ‘ಕಿರ್ರ್’, ‘ಢಣ್’ ಎಂದೆಲ್ಲ ಬರೆದಿದ್ದೆ. ಮಾವನವರಿಗೆ ಅದು ಹಿಡಿಸಿತು, ಏಕೆಂದರೆ ಅರವತ್ತು ವರ್ಷ ಆ ಸದ್ದುಗಳನ್ನು ಕೇಳಿದವರು ಅವರು. ಆದರೆ ಹುಟ್ಟಿನಿಂದಲೇ ಕಿವಿ ಕೇಳದವರಿಗೆ ‘ಕಿರ್ರ್’ ಎಂದರೆ ಏನೂ ಅಲ್ಲ. ‘ಢಣ್’ ಎಂದದ್ದು ಗುಡಿಯ ಗಂಟೆಯೋ, ಬಿದ್ದ ಪಾತ್ರೆಯೋ ಎಂದು ಮಾವನವರೇ ಒಂದು ಕಡೆ ಗೊಂದಲಕ್ಕೊಳಗಾದರು. ಆದ್ದರಿಂದ ಯಾವ ವಸ್ತುವಿನ ಸದ್ದು ಎಂಬುದು ಮೊದಲು ಬರಬೇಕು. ‘ಬಾಗಿಲು ಕಿರುಗುಟ್ಟಿತು’, ‘ದೂರದಲ್ಲಿ ಗುಡುಗು’ ಎಂದರೆ ಇಬ್ಬರಿಗೂ ತಿಳಿಯುತ್ತದೆ.

ಸಂಗೀತದ ವಿಷಯದಲ್ಲೂ ಹೀಗೆಯೇ. ‘ಹಿನ್ನೆಲೆ ಸಂಗೀತ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ‘ಶಹನಾಯಿ, ನಿಧಾನ ಗತಿ’ ಎಂದು ಬರೆದರೆ ಮದುವೆಯ ಮನೆ ಕಣ್ಣಿಗೆ ಕಟ್ಟುತ್ತದೆ. ಹಾಡಿದ್ದರೆ ಸಾಹಿತ್ಯವನ್ನೇ ಕೊಟ್ಟು, ಹಾಡೆಂದು ತಿಳಿಯಲು ಸಾಲಿನ ಎರಡೂ ತುದಿಗೆ ♪ ಗುರುತು ಹಾಕುವುದು ರೂಢಿ.

ಇಲ್ಲಿ ‘ನಾಂದಿ’ ಚಿತ್ರ ನೆನಪಾಗುತ್ತದೆ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿ 1964ರಲ್ಲಿ ಬಿಡುಗಡೆಯಾದ ಈ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಶಾಲಾ ಶಿಕ್ಷಕರಾದರೆ, ಕಿವಿ ಕೇಳದ, ಮಾತು ಬಾರದ ಪತ್ನಿಯಾಗಿ ಹರಿಣಿ ನಟಿಸಿದ್ದಾರೆ. ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸ್ ಅದರಲ್ಲಿ ಹಾಡಿದ ಜೋಗುಳ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಬಾಯಿಪಾಠ. ಆ ಹಾಡಿಗೆ ಅಡಿಬರಹ ಬರೆಯುವವರು ಗಾಯಕರ ಹೆಸರಿನ ಬದಲು ಕಥೆಯಲ್ಲಿ ಹಾಡುತ್ತಿರುವ ಪಾತ್ರದ ಹೆಸರನ್ನು ಬರೆಯಬೇಕು. ಜೊತೆಗೆ ಅದು ಜೋಗುಳದ ಧಾಟಿಯೆಂದು ಒಂದು ಮಾತು ಸೇರಿಸಬೇಕು. ಕಿವುಡುತನವನ್ನೇ ಕಥೆಯಾಗಿಸಿದ ಚಿತ್ರವನ್ನು ಕಿವಿ ಕೇಳದವರೊಬ್ಬರು ನೋಡಬೇಕಾದರೆ ಇಷ್ಟಾದರೂ ಬೇಕಲ್ಲವೇ.

ಓದಲು ಎಷ್ಟು ಹೊತ್ತು?

ಅಡಿಬರಹ ಎರಡು ಸಾಲು ಮೀರಬಾರದು, ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ನಿಲ್ಲಬಾರದು, ಆರೇಳು ಸೆಕೆಂಡಿಗಿಂತ ಹೆಚ್ಚು ಹೊತ್ತೂ ನಿಲ್ಲಬಾರದು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಕ್ರಮ. ಓದುವ ವೇಗವನ್ನು ಸೆಕೆಂಡಿಗೆ ಇಷ್ಟು ಅಕ್ಷರ ಎಂದು ಲೆಕ್ಕ ಹಾಕುತ್ತಾರೆ. ತೊಂದರೆ ಬರುವುದು ಇಲ್ಲಿಯೇ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಅದು ಆರು ಸಂಕೇತ. ಸರೋಜಮ್ಮನ ‘ದೇಶ ನಿಮ್ಮಿಂದಲೇ ನಡೀತದ’ ಎಂಬ ಸಾಲಿನಲ್ಲಿ ಅಕ್ಷರಗಳು ಹತ್ತು, ಸಂಕೇತಗಳು ಹದಿನೆಂಟು. ಇಂಗ್ಲಿಷಿಗೆಂದು ಹಾಕಿದ ಮಿತಿಯನ್ನು ಇದಕ್ಕೆ ಅನ್ವಯಿಸಿದರೆ, ಆರಾಮವಾಗಿ ಓದಬಹುದಾದ ಸಾಲನ್ನೂ ಸಾಫ್ಟ್‌ವೇರ್ ‘ಉದ್ದವಾಯಿತು’ ಎಂದು ಕೆಂಪಗೆ ತೋರಿಸಬಹುದು. ಕೊನೆಗೆ ನಂಬಬೇಕಾದದ್ದು ಕಣ್ಣನ್ನೇ. ಸದ್ದನ್ನು ಪೂರ್ತಿ ನಿಲ್ಲಿಸಿ, ಸಂಭಾಷಣೆ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ಓದಿಸಬೇಕು. ಅವರು ಸಾಲು ಮುಗಿಸಿ ನಟನ ಮುಖವನ್ನು ನೋಡಲು ಸಮಯ ಸಿಕ್ಕರೆ ವೇಳೆ ಸರಿಯಾಗಿದೆ.

ಮಾತು ವೇಗವಾಗಿದ್ದರೆ ಸ್ವಲ್ಪ ಮೊಟಕುಗೊಳಿಸುವುದು ಅನಿವಾರ್ಯ. ‘ನಾನು ನಾಳೆ ಬರುತ್ತೇನೆ’ ಎಂಬಲ್ಲಿ ‘ನಾನು’ ಬಿಟ್ಟರೆ ನಷ್ಟವಿಲ್ಲ, ಕ್ರಿಯಾಪದ ಅದನ್ನು ಹೊತ್ತಿದೆ. ಆದರೆ ‘ನಾನೇ’, ‘ನಾನೂ’ ಎಂದಿದ್ದರೆ ಬಿಡುವಂತಿಲ್ಲ. ‘ಬಂದನಂತೆ’ ಎಂಬುದನ್ನು ‘ಬಂದ’ ಎಂದು ಕತ್ತರಿಸಿದರೆ ಗಾಳಿಮಾತು ಕಣ್ಣಾರೆ ಕಂಡ ಸಂಗತಿಯಾಗಿಬಿಡುತ್ತದೆ. ಜಗಳದ ನಡುವೆ ‘ನೀವು’ ಹೋಗಿ ‘ನೀನು’ ಬಂದರೆ ಅದನ್ನು ಉಳಿಸಲೇಬೇಕು, ಜಗಳ ಮುಟ್ಟಿದ ಮಟ್ಟ ತಿಳಿಯುವುದೇ ಅದರಿಂದ.

ಹಾಸ್ಯಕ್ಕೆ ಇನ್ನೊಂದು ಎಚ್ಚರ ಬೇಕು. ಬಾಗಿಲ ಸದ್ದನ್ನೂ ಹೊರಗಿನ ದನಿಯನ್ನೂ ನಾನು ಮೊದಲು ಒಂದೇ ಅಡಿಬರಹದಲ್ಲಿ ಹಾಕಿದ್ದೆ. ವೆಂಕಟರಾವ್ ಬೆಚ್ಚಿ ಬೀಳುವ ಮೊದಲೇ ಮಾವನವರು ಪ್ರಶ್ನೆಯನ್ನು ಓದಿ ಮುಗಿಸಿದ್ದರು. ಎರಡನ್ನೂ ಬೇರ್ಪಡಿಸಿದ ಮೇಲೆ ಸದ್ದು, ಬೆಚ್ಚುವುದು, ಪ್ರಶ್ನೆ, ಓಟ ಎಂಬ ಕ್ರಮ ಸರಿಬಂತು.

ಲಿಪಿಯ ತೊಡಕು

ಸಂಘಗಳಲ್ಲಿ ನಾಟಕದ ಹಸ್ತಪ್ರತಿಯನ್ನು ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿರುವುದುಂಟು. ಅದನ್ನು ನೇರವಾಗಿ ನಕಲಿಸಿ ಅಡಿಬರಹದ ಕಡತಕ್ಕೆ ಹಾಕಿದರೆ ‘ಕನ್ನಡ’ ಎಂಬುದು ತೆರೆಯ ಮೇಲೆ PÀ£ÀßqÀ ಎಂದು ಕಾಣುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಕಡತವನ್ನು UTF-8 ಎಂಬ ಆಯ್ಕೆಯಲ್ಲಿ ಉಳಿಸಬೇಕು. ವಿಡಿಯೋ natak.mp4 ಆಗಿದ್ದರೆ ಅಡಿಬರಹವನ್ನು natak.srt ಎಂದು ಹೆಸರಿಸಿ ಒಂದೇ ಫೋಲ್ಡರಿನಲ್ಲಿಟ್ಟರೆ VLC ಯಂಥ ಪ್ಲೇಯರುಗಳು ತಾವೇ ಅದನ್ನು ಹುಡುಕಿಕೊಳ್ಳುತ್ತವೆ.

ಒತ್ತಕ್ಷರಗಳದ್ದು ಬೇರೆ ಕಥೆ. ‘ರಾಷ್ಟ್ರ’ದಂಥ ಪದಗಳ ಒತ್ತು ಕೆಳಗೆ ಇಳಿದು, ಎರಡನೇ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಅದಕ್ಕೆ ಅವಕಾಶವಿಲ್ಲದ ಪ್ಲೇಯರಿನಲ್ಲಿ ಒಂದೇ ಸಾಲಿಗೆ ತೃಪ್ತಿಪಡುವುದು ಮೇಲು. ಒತ್ತು ಕೂಡಿಕೊಳ್ಳದೆ ಅಕ್ಷರ ಬಿಡಿಬಿಡಿಯಾಗಿ ಕಂಡರೆ ದೋಷ ಬರಹದ್ದಲ್ಲ, ತೋರಿಸುವ ಪ್ಲೇಯರ್ ಅಥವಾ ಅಕ್ಷರಶೈಲಿಯದ್ದು ಎಂದು ತಿಳಿಯಬೇಕು. ಬೇರೆ ಸಾಧನದಲ್ಲಿ ನೋಡಿದರೆ ಖಾತ್ರಿಯಾಗುತ್ತದೆ.

ಕಾನೂನು ಎಲ್ಲಿಯವರೆಗೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಂ, ವಿದ್ಯುನ್ಮಾನ ಮಾಧ್ಯಮಗಳಲ್ಲಿ ಕ್ಲೋಸ್ಡ್ ಕ್ಯಾಪ್ಷನ್ ಮತ್ತು ಸಂಜ್ಞಾ ಭಾಷೆಯ ವ್ಯವಸ್ಥೆಗೆ ಸರ್ಕಾರಗಳು ಕ್ರಮ ಕೈಗೊಳ್ಳಬೇಕೆಂದು ಹೇಳುತ್ತದೆ. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ‘ಪಠಾಣ್’ ಹಿಂದಿ ಚಿತ್ರದ ಓಟಿಟಿ ಬಿಡುಗಡೆಗೆ ಕ್ಯಾಪ್ಷನ್ ಸಿದ್ಧಪಡಿಸುವಂತೆ ನಿರ್ಮಾಪಕರಿಗೆ ಸೂಚಿಸಿತ್ತು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್ 15ರಂದು ಚಿತ್ರಮಂದಿರಗಳಲ್ಲಿ ತೋರಿಸುವ ಚಿತ್ರಗಳಿಗೂ ಮಾರ್ಗಸೂಚಿ ಹೊರಡಿಸಿತು. ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪ್ರಮಾಣಪತ್ರ ಪಡೆಯುವ ಚಿತ್ರಗಳಿಗೆ ಆರು ತಿಂಗಳು, ಉಳಿದವಕ್ಕೆ ಎರಡು ವರ್ಷದ ಗಡುವು ನೀಡಲಾಗಿತ್ತು. ಸಂಘದ ನಾಟಕದ ವಿಡಿಯೋ ಈ ಯಾವುದರ ವ್ಯಾಪ್ತಿಗೂ ಬಾರದು. ಅದನ್ನು ನಾವೇ ಬರೆಯದಿದ್ದರೆ ಬೇರೆಯವರು ಬರೆಯುವುದಿಲ್ಲ.

ಒಂದು ಮಿತಿಯನ್ನೂ ಹೇಳಬೇಕು. ಕನ್ನಡದ ಅಡಿಬರಹ ಕನ್ನಡ ಓದಬಲ್ಲವರಿಗೆ ಮಾತ್ರ. ಹುಟ್ಟಿನಿಂದ ಕಿವಿ ಕೇಳದ, ಇಲ್ಲಿಯೇ ತೆಲುಗು ಅಥವಾ ಇಂಗ್ಲಿಷ್ ಕಲಿತ ನಮ್ಮ ಮಕ್ಕಳಿಗೆ ಇದರಿಂದ ಪ್ರಯೋಜನವಿಲ್ಲ. ಅವರಲ್ಲಿ ಅನೇಕರಿಗೆ ಸಂಜ್ಞಾ ಭಾಷೆಯೇ ತಾಯ್ನುಡಿಯಂತೆ. ಇಂದಿನ ಮಟ್ಟಿಗೆ ಇದು ಹೆಚ್ಚಾಗಿ ಒದಗುವುದು ಕನ್ನಡ ಶಾಲೆಯಲ್ಲಿ ಓದಿ, ವಯಸ್ಸಾದ ಮೇಲೆ ಕಿವಿ ಕಳೆದುಕೊಂಡ ನಮ್ಮ ಮಾವನವರಂಥ ಹಿರಿಯರಿಗೆ.

ನಾಲ್ಕನೆಯ ಭಾನುವಾರ ನಾಂಪಲ್ಲಿಯ ಆ ಮನೆಯಲ್ಲಿ ಎಲ್ಲರೂ ಸೇರಿ ನಾಟಕ ನೋಡಿದೆವು. ಪರದೆಯ ಹಿಂದಿನಿಂದ ವೆಂಕಟರಾಯರು ಇಣುಕಿ, ಮಗನನ್ನು ಗುರುತಿಸಿದ ಗಳಿಗೆಯಲ್ಲಿ ಮಾವನವರು ನಮ್ಮೊಡನೆಯೇ ನಕ್ಕರು. ನಾಟಕ ಮುಗಿದ ಮೇಲೆ ಒಂದು ತಪ್ಪನ್ನೂ ಎತ್ತಿ ತೋರಿಸಿದರು. ‘ಸರೋಜಮ್ಮ ಅನ್ನಕ್ಕಿಟ್ಟಾಳ. ಎರಡನೇ ಸೀಟಿ ಎಲ್ಲಪ್ಪಾ?’ ವಿಡಿಯೋ ಹಿಂದಕ್ಕೆ ಓಡಿಸಿ ಕೇಳಿದೆ. ಸೀಟಿ ಇತ್ತು, ನಾನೇ ಬಿಟ್ಟಿದ್ದೆ.